ದತ್ತಪ್ಪ ಏಳು ಸಲ ಬಿಡಿಸಿದ ಸಾಲು

ಈಗ ನನ್ನ ಪಾಲಿ ತರಗತಿಯಲ್ಲಿ ಯಾರು ಏನು ಅರ್ಥ ಕೇಳಿದರೂ ಕೇಳಿದ ಕೂಡಲೇ ಹೇಳಿಬಿಡುತ್ತೇನೆ. ಪದ ಬಿಡಿಸುವುದು ಆಮೇಲೆ. ಹಳೆಯ ವಿದ್ಯಾರ್ಥಿಗಳಿಗೆ ಇದು ವಿಚಿತ್ರ ಎನಿಸುತ್ತದೆ. ದೇವಾನಂದ ಸರ್ ಮೆತ್ತಗಾದರು, ವಯಸ್ಸಾಯಿತು ಅಂತ ಹಿಂದಿನ ಸಾಲಿನಲ್ಲಿ ಪಿಸುಗುಡುತ್ತಾರೆ. ವಯಸ್ಸೂ ಅಲ್ಲ, ಮಣ್ಣೂ ಅಲ್ಲ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಅದು ನನ್ನ ಕಥೆ.

ಜೇವರ್ಗಿಯ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಹಿಂದಿ ಕಲಿಸಿ ನಿವೃತ್ತನಾದೆ. ಪಾಲಿ ಕಲಿತದ್ದು ಅದಕ್ಕೂ ಮುಂಚೆ, ಸೋಲಾಪುರದಲ್ಲಿ, ಒಬ್ಬ ಮುಂಗೋಪಿ ಗುರುವಿನ ಹತ್ತಿರ. ಆತ ಯಾವ ಪದಕ್ಕೂ ಅರ್ಥ ಹೇಳುತ್ತಿರಲಿಲ್ಲ. ಬಿಡಿಸು ಅನ್ನುತ್ತಿದ್ದ, ಅಷ್ಟೇ. ತಪ್ಪು ಬಿಡಿಸಿದರೆ ಸಾಲಿಗೆ ಕೆಂಪು ಗೆರೆ ಎಳೆದು ಪುಸ್ತಕ ವಾಪಸು ಎಸೆಯುತ್ತಿದ್ದ. ನಾನು ಅತ್ತಿದ್ದೇನೆ, ಬೈದುಕೊಂಡಿದ್ದೇನೆ, ಆದರೆ ಕಲಿತಿದ್ದೇನೆ. ಆದ್ದರಿಂದ ಆಳಂದದ ಬುದ್ಧ ವಿಹಾರದಲ್ಲಿ ಭಾನುವಾರದ ಪಾಲಿ ತರಗತಿ ಶುರುಮಾಡಿದಾಗ ನಾನೂ ಅದೇ ನಿಯಮ ಇಟ್ಟೆ. ಮೊದಲ ದಿನವೇ ಹೇಳಿದೆ: ಇನ್ನೊಬ್ಬರು ಹೇಳಿದ ಅರ್ಥ ನುಂಗಿ ನಮ್ಮ ಹಿರಿಯರು ಸಾವಿರ ವರ್ಷ ತಲೆ ಬಗ್ಗಿಸಿದರು, ಇಲ್ಲಿ ಅರ್ಥದ ಭಿಕ್ಷೆ ಹಾಕುವುದಿಲ್ಲ, ನಿಮ್ಮ ಕೈಯಾರೆ ಬಿಡಿಸಿಕೊಂಡದ್ದೇ ನಿಮ್ಮದು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೂ ಖುಷಿಯಾಯಿತು. ಆ ಮಾತು ಸುಳ್ಳು ಅಂತ ಇವತ್ತೂ ಅನ್ನಲಾರೆ. ಆದರೆ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಕೂತಿದ್ದೆ, ಅದು ಸುಳ್ಳಲ್ಲ.

ದತ್ತಪ್ಪ ಎರಡನೇ ವರ್ಷ ಬಂದ. ಕಿಣ್ಣಿ ಸುಲ್ತಾನ ಅನ್ನುವ ಊರಿನ ಗೌಂಡಿ, ಕಲ್ಲಿನ ಗೋಡೆ ಕಟ್ಟುವುದರಲ್ಲಿ ಹೆಸರಾದವನು. ಐವತ್ತೆಂಟು ದಾಟಿತ್ತು. ಬೆರಳುಗಳ ಸಂದಿನಲ್ಲಿ ಸಿಮೆಂಟು ತಿಂದ ಬಿಳಿ ಬಿರುಕು, ಪೆನ್ನು ಹಿಡಿದರೆ ಉಳಿ ಹಿಡಿದ ಹಾಗೆ ಹಿಡಿಯುತ್ತಿದ್ದ. ನಮ್ಮ ಸುತ್ತಿನ ಊರುಗಳಲ್ಲಿ ಬೌದ್ಧರ ಮನೆಯಲ್ಲಿ ಸಾವಾದರೆ ಭಿಕ್ಷು, ಅಂದರೆ ನಾವು ಕರೆಯುವ ಭಂತೇಜಿ, ಸಿಗುವುದು ಕಷ್ಟ. ಆಗ ಯಾರಾದರೂ ಹಿರಿಯ ಉಪಾಸಕನೇ ಹೆಣದ ಮುಂದೆ ಕೂತು ಪಾಲಿ ಪಠಿಸಬೇಕು. ಕಿಣ್ಣಿಯಲ್ಲೂ ಪಕ್ಕದ ಹಳ್ಳಿಗಳಲ್ಲೂ ಆ ಕೆಲಸ ದತ್ತಪ್ಪನದು. ಚಿಕ್ಕಂದಿನಲ್ಲಿ ಒಬ್ಬ ಭಂತೇಜಿ ಬಾಯಿಪಾಠ ಮಾಡಿಸಿದ, ಬುದ್ಧನ ಉಪದೇಶದ ಸುತ್ತವೊಂದರ ನಾಲ್ಕು ಸಾಲನ್ನು ಅವನು ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದ. ಸ್ವರ ತಪ್ಪುತ್ತಿರಲಿಲ್ಲ, ಉಸಿರು ತಪ್ಪುತ್ತಿರಲಿಲ್ಲ. ಅರ್ಥ ಮಾತ್ರ ಒಂದಕ್ಷರ ಗೊತ್ತಿರಲಿಲ್ಲ.

ಮೊದಲ ದಿನವೇ ಅವನು ಆ ನಾಲ್ಕು ಸಾಲನ್ನು ಹೇಳಿ, ಇದರ ಅರ್ಥ ತಿಳಿಯಬೇಕು ಅಂದ. ಒಳ್ಳೆಯದಾಯಿತು, ಈ ವರ್ಷದ ಪಾಠ ಇದೇ ಅಂದೆ. ಯಾಕೆ ತಿಳಿಯಬೇಕು ಅಂತ ಕೇಳಲಿಲ್ಲ. ಪಾಲಿ ತರಗತಿಗೆ ಬಂದವನು ಅರ್ಥ ಕೇಳದೆ ಇನ್ನೇನು ಕೇಳುತ್ತಾನೆ ಅಂದುಕೊಂಡೆ.

ಕಪ್ಪು ಹಲಗೆಯ ಮೇಲೆ ಮೊದಲ ಉದ್ದ ಪದ ಬರೆದೆ: ಸೋಕಪರಿದೇವದುಕ್ಖದೋಮನಸ್ಸುಪಾಯಾಸಾ. ತರಗತಿ ನಕ್ಕಿತು. ಹೆದರಬೇಡಿ, ಇದು ಗೋಡೆ ಅಂದೆ. ಗೋಡೆ ಬಿಚ್ಚುವವನು ಯಾವ ಕಲ್ಲಿಗೆ ಮೊದಲು ಕೈ ಹಾಕುತ್ತಾನೆ? ದತ್ತಪ್ಪನೇ ಉತ್ತರ ಕೊಟ್ಟ, ಕಟ್ಟುವಾಗ ಕೊನೆಗೆ ಇಟ್ಟ ಕಲ್ಲಿಗೆ. ಸರಿ, ಸಮಾಸವೂ ಹಾಗೇ, ಕೊನೆಯ ಪದಕ್ಕೆ ಮೊದಲು ಕೈ ಹಾಕಿ, ಅದನ್ನು ಹಿಡಿದು ಹಿಂದಿನದನ್ನು ಕೇಳಿ ಅಂದೆ. ಯಾವುದರ? ಎಲ್ಲಿಗೆ? ಯಾವುದರಿಂದ? ಏನೂ ಸಂಬಂಧ ಸಿಗದೆ ಎಲ್ಲವೂ ಸರಿಸಮ ನಿಂತಿದ್ದರೆ ನಡುವೆ ಒಂದೊಂದು ‘ಚ’ ಇಡಿ, ಅಂದರೆ ನಮ್ಮ ‘ಮತ್ತು’.

ಆ ಪದ ಅಂಥದ್ದೇ. ಐದು ಪದ ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ, ಯಾವುದೂ ಯಾವುದಕ್ಕೂ ಆಳಲ್ಲ, ಒಡೆಯನಲ್ಲ. ಕೊನೆಯಲ್ಲಿ ಬಹುವಚನ, ಮುಂದಿನ ಕ್ರಿಯಾಪದವೂ ಬಹುವಚನ. ಒಂದೇ ಒಂದು ಕಡೆ ಎಡವುತ್ತಾರೆ: ದೋಮನಸ್ಸದ ಕೊನೆಯ ಅಕಾರ ಉಪಾಯಾಸದ ಉಕಾರಕ್ಕೆ ಜಾಗ ಬಿಟ್ಟು ಮಾಯವಾಗಿದೆ. ಎಲ್ಲರೂ ಅಲ್ಲೇ ಎಡವಿದರು. ದತ್ತಪ್ಪ ಮೂರು ವಾರ ತೆಗೆದುಕೊಂಡ. ನಾಲ್ಕನೇ ಭಾನುವಾರ ಬರೆದುಕೊಂಡು ಬಂದ: ಸೋಕೋ ಚ, ಪರಿದೇವೋ ಚ, ದುಕ್ಖಂ ಚ, ದೋಮನಸ್ಸಂ ಚ, ಉಪಾಯಾಸೋ ಚ. ಶೋಕ, ಗೋಳಾಟ, ದುಃಖ, ಮನದ ಬೇನೆ, ಹತಾಶೆ. ನಾನು ಹಲಗೆಯ ಮೇಲೆ ಅವನ ಹೆಸರು ಬರೆದೆ. ಸರಿಯಾಗಿ ಬಿಡಿಸಿದವರ ಹೆಸರು ಒಂದು ವಾರ ಹಲಗೆಯ ಮೇಲೆ ಇರುವುದು ನಮ್ಮ ತರಗತಿಯ ರೂಢಿ. ಅವನು ಆ ಹೆಸರನ್ನು ನೋಡಲಿಲ್ಲ. ಆ ಐದು ಪದಗಳನ್ನೇ ನೋಡುತ್ತ ಕೂತಿದ್ದ.

ಎರಡನೆಯದು ದುಕ್ಖಕ್ಖಂಧಸ್ಸ. ಇದರಲ್ಲಿ ಎರಡೇ ಪದ. ಖಂಧ ಅಂದರೆ ರಾಶಿ. ಯಾವುದರ ರಾಶಿ? ದುಕ್ಖಸ್ಸ, ದುಃಖದ. ಇದನ್ನು ದತ್ತಪ್ಪ ಒಂದೇ ಏಟಿಗೆ ಬಿಡಿಸಿದ. ಜೋಳದ ರಾಶಿ ಇದ್ದಂಗ ರೀ ಅಂದ. ಹೌದು ಅಂದೆ, ಇಡೀ ತರಗತಿಯ ಮುಂದೆ ಹೊಗಳಿದೆ. ಅವನ ಮುಖ ಅರಳಲಿಲ್ಲ. ಮೂರನೆಯ ಸಾಲೂ ದುಃಖವೇ ಏನ್ರಿ ಅಂತ ಕೇಳಿದ. ಬಿಡಿಸಿ ನೋಡು ಅಂದೆ.

ಮೂರನೆಯದೂ ದುಃಖದ ಮಾತೇ, ಆದರೆ ಅದರಲ್ಲಿ ಬಿಡಿಸುವಂಥ ಸಮಾಸ ಇರಲಿಲ್ಲ. ಕೊನೆಯ ಸಾಲಿನಲ್ಲಿ ಇದ್ದದ್ದು ದುಕ್ಖನಿರೋಧಗಾಮಿನೀ ಪಟಿಪದಾ. ಪಟಿಪದಾ ಅಂದರೆ ದಾರಿ, ಸ್ತ್ರೀಲಿಂಗದ ಪದ, ಏಕವಚನ. ಗಾಮಿನೀ ಅದರ ವಿಶೇಷಣ, ಅದಕ್ಕೇ ಅದೂ ಸ್ತ್ರೀಲಿಂಗ. ಇಷ್ಟನ್ನು ತರಗತಿಯಲ್ಲಿ ಹೇಳಿ ಮಿಕ್ಕಿದ್ದನ್ನು ಮನೆಗೆ ಕೊಟ್ಟೆ.

ಮುಂದಿನ ಭಾನುವಾರ ದತ್ತಪ್ಪ ತರಗತಿಗಿಂತ ಒಂದು ತಾಸು ಮೊದಲೇ ಬಂದು ವಿಹಾರದ ಮೆಟ್ಟಿಲ ಮೇಲೆ ಕಾಯುತ್ತಿದ್ದ. ನೋಟ್‌ಬುಕ್ಕು ತೆರೆದು ತೋರಿಸಿದ. ಕೊನೆಯ ಪದದಿಂದಲೇ ಹಿಡಿದಿದ್ದ: ಗಾಮಿನೀ, ಹೋಗುವಂಥದ್ದು. ಎಲ್ಲಿಗೆ ಅಂತ ಸರಿಯಾಗಿ ಕೇಳಿಕೊಂಡಿದ್ದ. ಆಮೇಲೆ ಬರೆದಿದ್ದ: ದುಕ್ಖಂ ಚ ನಿರೋಧೋ ಚ. ಕೆಳಗೆ ಕನ್ನಡದಲ್ಲಿ, ದುಃಖಕ್ಕೂ ನಿರೋಧಕ್ಕೂ ಹೋಗುವ ದಾರಿ.

ಎಲ್ಲಿ ಎಡವಿದ್ದಾನೆ ಅಂತ ನನಗೆ ಒಂದೇ ನೋಟಕ್ಕೆ ಗೊತ್ತಾಯಿತು. ಎರಡು ಪದವಿದ್ದರೆ ಒಂದು ಒಡೆಯ, ಹೆಚ್ಚಿದ್ದರೆ ಉಳಿದವೆಲ್ಲ ಸಾಲಾಗಿ ನಿಂತ ಸಮಾನರು ಅಂತ ತನ್ನಷ್ಟಕ್ಕೆ ಒಂದು ನಿಯಮ ಮಾಡಿಕೊಂಡಿದ್ದ. ಹಿಂದಿನ ಎರಡು ಪದ ನೋಡಿದರೆ ಯಾರಾದರೂ ಹಾಗೇ ಮಾಡಿಕೊಳ್ಳುತ್ತಾರೆ. ಅವನು ನಿರೋಧಕ್ಕೆ ಬಂದು ನಿಂತಾಗ ‘ಯಾವುದರ’ ಅಂತ ಇನ್ನೊಂದು ಸಲ ಕೇಳಿಕೊಂಡಿದ್ದರೆ ಮುಗಿಯುತ್ತಿತ್ತು. ಆ ಒಂದು ಪ್ರಶ್ನೆಯನ್ನು ನಾನು ಅವನ ಕಿವಿಗೆ ಹಾಕಬಹುದಿತ್ತು. ಹಾಕಲಿಲ್ಲ.

ತಪ್ಪು, ಮತ್ತೆ ಬಿಡಿಸು ಅಂದೆ. ಅವನು ಮೆಟ್ಟಿಲಿಂದ ಏಳಲಿಲ್ಲ.

“ಇದೊಂದು ಸಾಲು ನೀವ ಹೇಳ್ರಿ ಸರ್,” ಅಂದ. “ಮನ್ಯಾಗ ಕೇಳಾಕತ್ತಾರ.”

ನನಗೆ ಸಿಟ್ಟು ಬಂತು. ನೆಂಟರು ಕೇಳುತ್ತಾರೆ, ಊರವರು ಕೇಳುತ್ತಾರೆ ಅಂತ ಎಷ್ಟು ಜನ ಇದೇ ನೆಪ ಹೇಳಿಲ್ಲ? ಮನೆಯವರಿಗೆ ಹೇಳುವುದಕ್ಕಾದರೂ ನೀನೇ ಬಿಡಿಸಬೇಕಲ್ಲ ದತ್ತಪ್ಪ ಅಂದೆ. ಯಾರು ಕೇಳುತ್ತಿದ್ದಾರೆ, ಏನು ಕೇಳುತ್ತಿದ್ದಾರೆ ಅಂತ ಒಂದು ಮಾತು ಕೇಳಲಿಲ್ಲ. ನೋಟ್‌ಬುಕ್ಕು ಇಸಿದುಕೊಂಡು ಆ ಸಾಲಿನ ಮೇಲೆ, ಈ ತುದಿಯಿಂದ ಆ ತುದಿಗೆ, ಕೆಂಪು ಗೆರೆ ಎಳೆದೆ. ಪಕ್ಕದಲ್ಲಿ ‘ಮತ್ತೆ’ ಅಂತ ಬರೆದೆ. ನನ್ನ ಗುರು ಎಳೆಯುತ್ತಿದ್ದ ಗೆರೆಯ ಹಾಗೇ ನೇರವಾಗಿತ್ತು, ಹೆಮ್ಮೆಯೂ ಆಯಿತು. ಥೂ ನನ್ನ ಹೆಮ್ಮೆಗೆ.

ಆಮೇಲಿನ ಮೂರು ಭಾನುವಾರ ದತ್ತಪ್ಪ ಬಂದ, ಹಿಂದಿನ ಸಾಲಿನಲ್ಲಿ ಕೂತ, ಏನೂ ಕೇಳಲಿಲ್ಲ. ಕೆಲಸ ಮಾಡುತ್ತಿದ್ದಾನೆ, ಭೇಷ್ ಅಂದುಕೊಂಡೆ. ನಾಲ್ಕನೇ ಭಾನುವಾರದಿಂದ ಬರಲಿಲ್ಲ. ಅಫಜಲಪುರ ತಾಲ್ಲೂಕಿನ ಕರಜಗಿಯಲ್ಲಿ ಒಂದು ದೊಡ್ಡ ಮನೆಯ ಕೆಲಸ ಹಿಡಿದಿದ್ದಾನೆ ಅಂತ ಯಾರೋ ಹೇಳಿದರು. ಇನ್ನೊಂದು ಸುದ್ದಿಯೂ ಬಂತು. ದತ್ತಪ್ಪ ಸಾವಿನ ಮನೆಯಲ್ಲಿ ಪಾಠ ಹೇಳುವುದನ್ನು ಬಿಟ್ಟಿದ್ದಾನೆ, ಎರಡು ಮನೆಯವರು ಕರೆಯಲು ಹೋದರೆ ಗಂಟಲು ಸರಿಯಿಲ್ಲ ಅಂತ ಕಳಿಸಿದ್ದಾನೆ, ಮಂದಿ ಬೇಜಾರಾಗಿದ್ದಾರೆ ಅಂತ. ನಾಲ್ಕಕ್ಷರ ಕಲಿತ ಕೂಡಲೇ ಸೊಕ್ಕು ಬಂತಲ್ಲ ಇವನಿಗೆ ಅಂತ ನಾನು ಬೈದೆ. ಎದುರಿಗಿದ್ದವರ ಮುಂದೆಯೇ ಬೈದೆ.

ಜೂನ್ ಮೊದಲ ವಾರ ಕರಜಗಿಯ ಕೆಲಸದ ಜಾಗದಲ್ಲೇ ದತ್ತಪ್ಪ ಎದೆ ಹಿಡಿದುಕೊಂಡು ಕೂತ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿದ್ದ. ಮರುದಿನ ಬೆಳಿಗ್ಗೆ ಕಿಣ್ಣಿಯಿಂದ ನನಗೆ ಕರೆ ಬಂತು. ಅಲ್ಲಿ ಪಾಠ ಹೇಳುವವನೇ ಸತ್ತಿದ್ದ, ಇನ್ನು ಹೇಳುವವರು ಯಾರೂ ಇರಲಿಲ್ಲ.

ಹೋದೆ. ಬಿಳಿ ಬಟ್ಟೆ ಹೊದಿಸಿ ಅಂಗಳದಲ್ಲಿ ಮಲಗಿಸಿದ್ದರು. ತಲೆಯ ಹತ್ತಿರ ಅವನ ಹೆಂಡತಿ ಮಾಣಿಕಮ್ಮ ಕೂತಿದ್ದಳು. ತ್ರಿಸರಣ, ಪಂಚಶೀಲ ಆಯಿತು. ಆಮೇಲೆ ಅವನು ಮೂವತ್ತು ವರ್ಷ ಹೇಳಿದ ಆ ನಾಲ್ಕು ಸಾಲನ್ನೇ ನಾನು ಹೇಳಿದೆ. ಕೊನೆಯ ಸಾಲಿಗೆ ಬಂದಾಗ ಮಾಣಿಕಮ್ಮ ಎರಡೂ ಕಿವಿ ಮುಚ್ಚಿಕೊಂಡಳು. ಸಂಕಟಕ್ಕೆ ಹಾಗೆ ಮಾಡಿದಳು ಅಂದುಕೊಂಡೆ.

ಸತ್ತವರಿಗೆ ಪುಣ್ಯ ಅರ್ಪಿಸುವ ಪುಣ್ಯಾನುಮೋದನೆಯ ದಿನ ಮತ್ತೆ ಕರೆದಿದ್ದರು. ಊಟವಾಗಿ ಮಂದಿ ಚದುರಿದ ಮೇಲೆ ಮಾಣಿಕಮ್ಮ ಒಳಗಿನಿಂದ ನೋಟ್‌ಬುಕ್ಕು ತಂದು ನನ್ನ ಮುಂದಿಟ್ಟಳು. ಇದು ನಿಮ್ಮದು, ಒಯ್ಯಿರಿ ಅಂದಳು. ನನ್ನದಲ್ಲ ತಾಯಿ, ಅವನು ಬರೆದದ್ದು ಅಂದೆ. ಹಾಳೆ ತಿರುವಿದೆ.

ಕೆಂಪು ಗೆರೆಯ ಕೆಳಗೆ ದತ್ತಪ್ಪ ಅದೇ ಸಾಲನ್ನು ಆರು ಸಲ ಬಿಡಿಸಿದ್ದ. ನಾನು ನೋಡಿದ್ದೂ ಸೇರಿ ಏಳು. ಒಂದರಲ್ಲಿ ಗಾಮಿನೀಗೆ ‘ಎಲ್ಲಿಗೆ’ ಬದಲು ‘ಯಾವುದರಿಂದ’ ಅಂತ ಹಾಕಿ ನೋಡಿದ್ದ. ಇನ್ನೊಂದರಲ್ಲಿ ದಾರಿಯೇ ಹೋಗುತ್ತದೋ, ದಾರಿಯಲ್ಲಿ ಹೋಗುವವಳೋ ಅಂತ ಬರೆದು ಹೊಡೆದುಹಾಕಿದ್ದ. ಮತ್ತೊಂದರಲ್ಲಿ ಪಟಿಪದಾವನ್ನೇ ಒಡೆಯಲು ಹೋಗಿದ್ದ. ದುಕ್ಖಂ ಚ ನಿರೋಧೋ ಚ ಮಾತ್ರ ಏಳರಲ್ಲೂ ಹಾಗೇ ಇತ್ತು. ಅದನ್ನು ಅವನು ಮುಟ್ಟಿರಲಿಲ್ಲ.

ಯಾಕೆ ಮುಟ್ಟುತ್ತಾನೆ? ‘ಚ’ ಇಟ್ಟು ಬಿಡಿಸಿದ ಐದು ಪದಕ್ಕೆ ನಾನೇ ಅವನ ಹೆಸರು ಹಲಗೆಯ ಮೇಲೆ ಬರೆದಿದ್ದೆ. ಅದು ಸರಿ ಅಂತ ಅವನಿಗೆ ಗಟ್ಟಿಯಾಗಿ ಗೊತ್ತಿತ್ತು. ತಪ್ಪು ಬೇರೆಲ್ಲೋ ಇರಬೇಕು ಅಂತ ಹುಡುಕಿದ. ಸಾಲಿನಲ್ಲಿ ತಪ್ಪಿದ್ದದ್ದು ಒಂದೇ ಗಂಟು, ಮಿಕ್ಕಿದ್ದೆಲ್ಲ ಸರಿಯಾಗಿತ್ತು. ನಾನು ಗೆರೆ ಎಳೆದದ್ದು ಪೂರ್ತಿ ಸಾಲಿಗೆ. ಅವನು ಸರಿಯಿದ್ದ ಕಲ್ಲುಗಳನ್ನೆಲ್ಲ ಒಂದೊಂದಾಗಿ ಕಿತ್ತು ನೋಡಿದ್ದ.

ಮಾಣಿಕಮ್ಮ ಗೋಡೆಗೆ ಒರಗಿ ಕೂತು ತಾನಾಗಿಯೇ ಮಾತಾಡಿದಳು. ಅವರಿಗೆ ಒಬ್ಬಳೇ ಮಗಳು, ಮಧುಮತಿ. ಬಿ.ಎಡ್. ಮಾಡುತ್ತಿದ್ದಳು. ಎರಡು ವರ್ಷದ ಹಿಂದೆ ಡೆಂಗ್ಯೂ ಬಂದು ಒಂಬತ್ತು ದಿನಕ್ಕೆ ಹೋದಳು. ಅವತ್ತೂ ಊರಲ್ಲಿ ಪಾಠ ಹೇಳುವವರು ಬೇರೆ ಯಾರಿದ್ದರು? ದತ್ತಪ್ಪನೇ ಮಗಳ ಹೆಣದ ಮುಂದೆ ಕೂತು, ಒಂದು ಸ್ವರ ತಪ್ಪದೆ, ನಾಲ್ಕೂ ಸಾಲು ಹೇಳಿದ. ಮಣ್ಣು ಮಾಡಿ ಬಂದ ಮೇಲೆ ಮಾಣಿಕಮ್ಮ ಗಂಡನನ್ನು ಕೇಳಿದಳು, ನನ್ನ ಮಗಳಿಗೆ ಕಡೇ ಮಾತು ಏನು ಹೇಳಿದಿ ಅಂತ. ಅವನಿಗೆ ಹೇಳಲು ಬರಲಿಲ್ಲ. ತಿಳಕೊಂಡು ಹೇಳುತ್ತೇನೆ ಅಂದಿದ್ದ.

ಅದಕ್ಕೇ ಅವನು ತರಗತಿಗೆ ಬಂದದ್ದು. ಮನೆಯಲ್ಲಿ ಕೇಳುತ್ತಿದ್ದಾರೆ ಅಂದಾಗ ಕೇಳುತ್ತಿದ್ದವಳು ಇವಳು.

ಭಾನುವಾರ ಭಾನುವಾರ ಮನೆಗೆ ಬಂದು ಕಲಿತಷ್ಟನ್ನು ಹೆಂಡತಿಗೆ ಹೇಳುತ್ತಿದ್ದನಂತೆ. ಮೊದಲು ಶೋಕ, ಗೋಳಾಟ, ದುಃಖ, ಬೇನೆ, ಹತಾಶೆ. ಆಮೇಲೆ ದುಃಖದ ರಾಶಿ. ಇಷ್ಟೇ ಆಗಿರಲಿಕ್ಕಿಲ್ಲ, ಕಡೇ ಸಾಲಿನಲ್ಲಿ ಏನೋ ಒಳ್ಳೆಯದು ಇರಬೇಕು, ತಡಿ ಅನ್ನುತ್ತಿದ್ದನಂತೆ. ಅವಳೂ ತಡೆದಳು.

“ಕಡೀಕ ಒಂದಿನ ಹೇಳಿದ್ರು,” ಅಂದಳು. “ದುಃಖಕ್ಕ ಹೋಗೋ ದಾರಿ, ಮುಂದ ತಡೆ ಅದ, ದಾರಿ ಬಂದ್ ಅಂತ ಹೇಳೀನಿ ನಮ್ಮ ಮಗಳಿಗೆ ಅಂದ್ರು. ಅಂದು ಊಟ ಮಾಡ್ಲಿಲ್ರಿ. ಇನ್ನ ಯಾರ ಮಕ್ಕಳ ಮುಂದೂ ಇದು ಹೇಳಂಗಿಲ್ಲ ಅಂದ್ರು.”

ನಿರೋಧ ಅಂದರೆ ನಮ್ಮ ಕನ್ನಡದಲ್ಲಿ ತಡೆ. ದುಃಖವನ್ನು ಅದರಿಂದ ಬಿಡಿಸಿ ಪಕ್ಕಕ್ಕೆ ನಿಲ್ಲಿಸಿದರೆ, ತಡೆ ದಾರಿಗೇ ಬಂದು ಬೀಳುತ್ತದೆ. ತನ್ನ ಮಗಳನ್ನು ಕುರುಡು ಓಣಿಗೆ ಕಳಿಸಿದೆ ಅಂತ ಆ ಮನುಷ್ಯ ನಂಬಿ ಹೋದ. ನಾನು ಅದನ್ನು ಸೊಕ್ಕು ಅಂದೆ.

ನಾನು ನೋಟ್‌ಬುಕ್ಕನ್ನು ಅವಳ ಕಡೆ ತಿರುಗಿಸಿದೆ. ಅವಳಿಗೆ ಓದು ಬರುವುದಿಲ್ಲ ಅಂತ ಆಮೇಲೆ ಹೊಳೆದು ಮುಚ್ಚಿದೆ. ಬಾಯಲ್ಲೇ ಹೇಳಿದೆ. ಪಟಿಪದಾ, ದಾರಿ. ಎಂಥ ದಾರಿ? ಗಾಮಿನೀ, ಹೋಗುವ ದಾರಿ. ಎಲ್ಲಿಗೆ ಹೋಗುತ್ತದೆ? ನಿರೋಧಕ್ಕೆ, ಅಂದರೆ ನಿಂತುಹೋಗುವುದಕ್ಕೆ. ಯಾವುದು ನಿಂತುಹೋಗುವುದು? ದುಕ್ಖಸ್ಸ ನಿರೋಧೋ, ದುಃಖ ನಿಂತುಹೋಗುವುದು. ಹಿಂದಿನ ಸಾಲುಗಳಲ್ಲಿ ಎಣಿಸಿದ ಶೋಕ, ಗೋಳಾಟ, ಬೇನೆ, ಆ ಇಡೀ ರಾಶಿ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಹೋಗುವ ದಾರಿ ಇದು. ದತ್ತಪ್ಪ ಮಗಳಿಗೆ ಹೇಳಿದ ಕಡೇ ಮಾತು ಅದು, ತಾಯಿ. ದಾರಿ ಬಂದ್ ಅಂತ ಹೇಳಿರಲಿಲ್ಲ. ದುಃಖ ಮುಗಿಯುವ ದಾರಿ ಇದೆ ಅಂತ ಹೇಳಿದ್ದ. ಮೂವತ್ತು ವರ್ಷ ಪ್ರತಿ ಮನೆಯಲ್ಲೂ ಅದನ್ನೇ ಹೇಳಿದ್ದ.

ಅವಳು ಅಳಲಿಲ್ಲ.

“ಇದು ಹೇಳಾಕ ಎಷ್ಟ ಹೊತ್ತಾಯ್ತ್ರಿ, ಸರ್?” ಅಂತ ಕೇಳಿದಳು.

ಅದರಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಒಂದು ನಿಮಿಷ ಆಗಿರಬೇಕು ತಾಯಿ ಅಂದೆ. ಹೌದು, ನನಗೂ ಹಾಗೇ ಅನಿಸಿತು ಅಂದಳು.

ಇನ್ನೊಬ್ಬರ ಅರ್ಥ ನುಂಗಬಾರದು, ಸ್ವಂತ ಬಿಡಿಸಿಕೊಳ್ಳಬೇಕು ಅಂತ ನನ್ನ ನಿಯಮ ಇತ್ತು, ಅವನಿಂದ ಆಗುತ್ತದೆ ಅಂತ ನಂಬಿಕೆ ಇತ್ತು ಅಂತೆಲ್ಲ ಹೇಳಬೇಕು ಅನಿಸಿತು. ಹೇಳಲು ನಾಚಿಕೆಯಾಯಿತು. ಅವನು ನನ್ನ ಹತ್ತಿರ ಭಿಕ್ಷೆ ಕೇಳಿರಲಿಲ್ಲ. ತಾನು ಮಗಳಿಗೆ ಹೇಳಿದ ಮಾತು ಯಾವುದು ಅಂತ ಕೇಳಿದ್ದ. ಅದು ಅವನದೇ ಮಾತಾಗಿತ್ತು, ನಾನು ಹಿಡಿದಿಟ್ಟುಕೊಂಡಿದ್ದೆ.

ನನ್ನ ತಪ್ಪಾಯಿತು ಮಾಣಿಕಮ್ಮ ಅಂದೆ. ಅವಳು ತಲೆ ಆಡಿಸಿದಳು, ಇಲ್ಲ ಅನ್ನಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು, ಬರ್ರಿ ಅಂದಳು.

ಊರ ಹೊರಗೆ ಹಳ್ಳದ ಪಕ್ಕ ಅವರ ಮಣ್ಣಿನ ಜಾಗ. ಬಿತ್ತನೆಗೆ ಹದವಾದ ಕಪ್ಪು ಹೊಲದ ಬದುವಿನ ಮೇಲೆ ನಡೆದುಕೊಂಡು ಹೋದೆವು. ಅವಳು ಮುಂದೆ, ನಾನು ಹಿಂದೆ. ಒಂದು ಹಳೆಯ ಗುಡ್ಡೆ, ಸುತ್ತ ದತ್ತಪ್ಪ ತಾನೇ ಕೂಡಿಸಿದ ಕಲ್ಲಿನ ಕಟ್ಟೆ, ಒಂದು ಕಲ್ಲಿಗೂ ಇನ್ನೊಂದಕ್ಕೂ ನಡುವೆ ಕೂದಲು ಹೋಗದಷ್ಟು ಬಿಗಿ. ಪಕ್ಕದಲ್ಲಿ ಹೊಸ ಗುಡ್ಡೆ, ಅದಕ್ಕೆ ಕಟ್ಟೆಯಿಲ್ಲ. ಕಟ್ಟುವವನೇ ಒಳಗಿದ್ದ.

ನಾನು ಹೊಸ ಗುಡ್ಡೆಯ ಹತ್ತಿರ ಹೋಗಿ ನಿಂತೆ. ಅವನಿಗೇ ಮೊದಲು ಹೇಳಬೇಕು, ಕ್ಷಮೆ ಕೇಳಬೇಕು ಅಂತ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಮಾಣಿಕಮ್ಮ ನನ್ನ ತೋಳು ಹಿಡಿದು ಹಳೆಯ ಗುಡ್ಡೆಯ ಕಡೆ ತಿರುಗಿಸಿದಳು.

“ಮೊದಲ ಆಕಿಗಿ ಹೇಳ್ರಿ,” ಅಂದಳು. “ಅವರಿಗಿ ಆಮ್ಯಾಲ ಹೇಳೀರಂತ. ಅವರಿಗಿ ಕಾಯೋದು ರೂಢಿ ಅದ.”

ನಾನು ಮಧುಮತಿಯ ಮುಂದೆ ಕೂತು ಕೊನೆಯ ಪದದಿಂದ ಶುರುಮಾಡಿದೆ.